ಸಂಜೆ ಆರೂವರೆಯ ಚಪ್ಪಲಿ ಪೋಸ್ಟ್

2025ರ ಜೂನ್ 4, ಬುಧವಾರ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು. ಹದಿನೆಂಟನೇ ಐಪಿಎಲ್, ಕೊಹ್ಲಿ ಅಂಗಿಯ ಮೇಲೂ ಹದಿನೆಂಟು. ಬೆಂಗಳೂರಿನ ವ್ಯಾಪಾರಿಗಳಿಗೆ ಇನ್ನೇನು ಬೇಕು? ಬೆಳಗಾಗುವಷ್ಟರಲ್ಲಿ ನನ್ನ ಮೊಬೈಲಿನಲ್ಲಿ ಹೋಳಿಗೆ ಅಂಗಡಿಯಿಂದ ಹಿಡಿದು ಹಲ್ಲಿನ ಆಸ್ಪತ್ರೆವರೆಗೆ ಎಲ್ಲರೂ 18 ಪರ್ಸೆಂಟ್ ರಿಯಾಯಿತಿ ಕೂಗುತ್ತಿದ್ದರು. ಒಬ್ಬರಂತೂ ಅಲ್ಲಿಯವರೆಗೆ ಕೊಡುತ್ತಿದ್ದ 20 ಪರ್ಸೆಂಟನ್ನು ಅಭಿಮಾನದಿಂದ 18ಕ್ಕೆ ಇಳಿಸಿದರು.

ನಾನು ಐದಾರು ಅಂಗಡಿಗಳ ಇನ್‌ಸ್ಟಾ, ಫೇಸ್‌ಬುಕ್ ಪುಟ ನೋಡಿಕೊಳ್ಳುವವನು. ಅದರಲ್ಲೊಂದು ಚಪ್ಪಲಿ ಅಂಗಡಿ. ಹೆಸರು ಬೇಡ, ಅವರಿಂದ ಎರಡು ತಿಂಗಳ ಬಾಕಿ ಬರಬೇಕು. ಬೆಳಗ್ಗೆ ಒಂಬತ್ತಕ್ಕೆ ಕೂತು ಬರೆದೆ. ಕೆಂಪು ಹಿನ್ನೆಲೆ, ನಡುವೆ ಕಪ್, ಕಪ್ಪಿನ ತುಂಬ ಶೂ. ಚಿತ್ರದ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು:

"ಈ ಸಲ ಕಪ್ ನಮ್ದು! ಗೇಟ್ ಓಪನ್ ಆಗಿದೆ, ನುಗ್ಗಿ ಬನ್ನಿ! ಹಳೇ ಚಪ್ಪಲಿ ಬಾಗಿಲಲ್ಲೇ ಬಿಡಿ, ಹೊಸದು ಹಾಕ್ಕೊಂಡು ಹೋಗಿ. 18 ಪರ್ಸೆಂಟ್ ಆಫ್. ಮೊದಲು ಬಂದ 100 ಜನಕ್ಕೆ ಸಾಕ್ಸ್ ಉಚಿತ."

ಮಾಲೀಕರು ಓದಿ ಐದು ಬೆಂಕಿ ಕಳಿಸಿದರು. ಅಂದರೆ ಬೆಂಕಿಯ ಚಿತ್ರ. ಸಂಜೆ ಆರೂವರೆಗೆ ತಾನೇ ಹೋಗುವ ಹಾಗೆ ಸಮಯ ಕೊಟ್ಟೆ. ಆರೂವರೆ ಯಾಕೆ ಅಂದರೆ, ಆಫೀಸು ಬಿಟ್ಟ ಜನ ಬಸ್ಸಲ್ಲಿ ಕೂತು ಮೊಬೈಲ್ ನೋಡುವ ಹೊತ್ತು ಅದು. ಆಮೇಲೆ ಊಟ ಮಾಡಿ ಮಲಗಿದೆ.

ನಾಲ್ಕು ದಾಟಿದ ಮೇಲೆ ಎದ್ದು ಟಿವಿ ಹಾಕಿದರೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. ಸುಮಾರು 35 ಸಾವಿರ ಜನ ಕೂರುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಸಾವಿನ ಸಂಖ್ಯೆ ಏರುತ್ತಾ ಹೋಗಿ ಹನ್ನೊಂದಕ್ಕೆ ನಿಂತಿತು. ಹೊರಗೆ ಇದಾದ ಮೇಲೂ ಒಳಗೆ ಸಂಭ್ರಮ ನಡೆದೇ ಇತ್ತು. ದೊಡ್ಡವರ ಶೆಡ್ಯೂಲನ್ನೇ ನಿಲ್ಲಿಸುವವರು ಇರಲಿಲ್ಲ, ಇನ್ನು ನಮ್ಮ ಚಪ್ಪಲಿ ಅಂಗಡಿಯದು ಯಾವ ಲೆಕ್ಕ?

ಆಮೇಲೆ ಗೇಟಿನ ಹತ್ತಿರದ ಫೋಟೋಗಳು ಬಂದವು. ರಸ್ತೆ ತುಂಬ ಚಪ್ಪಲಿ. ಒಂಟಿ ಚಪ್ಪಲಿ, ಬಾರ್ ಕಿತ್ತ ಚಪ್ಪಲಿ, ಮಕ್ಕಳ ಶೂ.

ನನ್ನ ಪೋಸ್ಟ್ ನೆನಪಾಯಿತು. ಗಂಟೆ ಐದೂಮುಕ್ಕಾಲು.

ಇಂಥ ಹೊತ್ತಲ್ಲಿ ಪೋಸ್ಟ್ ಓದುವುದಕ್ಕೆ ನನಗೆ ಗೊತ್ತಿರುವ ದಾರಿ ಒಂದೇ. ಬರೆದವನ ಕಣ್ಣಲ್ಲಿ ಓದಬಾರದು. ಬೌರಿಂಗ್ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು, ಒಳಗಿನಿಂದ ಯಾರಾದರೂ ಹೆಸರು ಕೂಗುತ್ತಾರೇನೋ ಎಂದು ಕಾಯುತ್ತಾ ಮೊಬೈಲ್ ತೆರೆದವರ ಕಣ್ಣಲ್ಲಿ ಓದಬೇಕು. ಹಾಗೆ ಓದಿದೆ. ಗೇಟ್ ಓಪನ್ ಆಗಿದೆ. ನುಗ್ಗಿ ಬನ್ನಿ. ಹಳೇ ಚಪ್ಪಲಿ ಬಾಗಿಲಲ್ಲೇ ಬಿಡಿ. ಮೊದಲು ಬಂದವರಿಗೆ ಉಚಿತ. ಒಂದೇ ಒಂದು ಸಾಲೂ ಉಳಿಯಲಿಲ್ಲ. ಬೆಳಗ್ಗೆ ಇದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ, ಅದೇ ವಿಚಿತ್ರ. ವ್ಯಾಪಾರದ ಭಾಷೆಯೇ ಹಾಗೆ. ಬೆಲೆ ಸ್ಫೋಟ, ಆಫರ್ ಸುನಾಮಿ, ಜನಸಾಗರ, ಮುಗಿಬಿದ್ದ ಗ್ರಾಹಕರು. ಅನಾಹುತಗಳ ಹೆಸರುಗಳನ್ನೆಲ್ಲ ನಾವು ಕಡ ತಂದು ಸಾಕ್ಸ್ ಮಾರುತ್ತಿರುತ್ತೇವೆ. ಅಸಲಿ ಅನಾಹುತ ಬಂದ ದಿನ ಅದು ತನ್ನ ಪದ ವಾಪಸ್ ಕೇಳುತ್ತದೆ.

ಪೋಸ್ಟನ್ನು ಡ್ರಾಫ್ಟಿಗೆ ಎಳೆದು ಹಾಕಿ ಮಾಲೀಕರಿಗೆ ಫೋನ್ ಮಾಡಿದೆ.

"ಸರ್, ಆರೂವರೆಯದು ನಿಲ್ಲಿಸಿದ್ದೀನಿ."

"ಯಾಕ್ರೀ? ಈಗ ಜನ ಎಲ್ಲ ಮೊಬೈಲಲ್ಲೇ ಇದ್ದಾರೆ ಅಲ್ವಾ?"

"ಅದಕ್ಕೇ ಸರ್."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರಿಗೂ ಬೇಸರವಾಯಿತು, ಕೆಟ್ಟ ಮನುಷ್ಯರೇನಲ್ಲ. "ಛೆ, ಮಕ್ಕಳು ಪಾಪ" ಅಂದರು. ಅದೇ ಉಸಿರಿನಲ್ಲಿ, "ಒಂದ್ ಕೆಲಸ ಮಾಡಿ, ಕಪ್ ತೆಗೆದು ಕ್ಯಾಂಡಲ್ ಇಡಿ" ಅಂದರು.

ಕ್ಯಾಂಡಲ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಗಂಡಾಂತರ ಇತ್ತು. ಪೋಸ್ಟ್ ನಿಲ್ಲಿಸಿದರೆ ಎಲ್ಲ ನಿಂತಿತು ಅಂತ ಬಹಳ ಜನ ನಂಬಿದ್ದಾರೆ. ಅಂಗಡಿಗೆ ಇರುವುದು ಒಂದೇ ಬಾಯಲ್ಲ. ದುಡ್ಡು ಕೊಟ್ಟು ಓಡಿಸುವ ಜಾಹೀರಾತು ಬೇರೆ ಕಡೆ ಇರುತ್ತದೆ. ಅದನ್ನು ಬೇರೆಯಾಗಿಯೇ ಮಾಡಿದ್ದರೆ ನಮ್ಮ ಪುಟದಲ್ಲಿ ಕಾಣಿಸುವುದೂ ಇಲ್ಲ. ಪುಟ ನೋಡಿದರೆ ಮೌನ, ಊರಿನವರ ಮೊಬೈಲಲ್ಲಿ "ನುಗ್ಗಿ ಬನ್ನಿ". ನಮ್ಮದು ಮಧ್ಯಾಹ್ನದಿಂದಲೇ ಓಡುತ್ತಿತ್ತು. ಅದನ್ನು ನಿಲ್ಲಿಸುವಷ್ಟರಲ್ಲಿ ಒಬ್ಬರು ಅದರ ಕೆಳಗೆ "ನಾಚಿಕೆ ಆಗಲ್ವಾ ನಿಮ್ಗೆ?" ಅಂತ ಬರೆದಿದ್ದರು. ಯಾರೇ ಕಾಮೆಂಟ್ ಹಾಕಿದರೂ ತಾನೇ ಉತ್ತರ ಹೋಗುವ ಹಾಗೆ ನಾನೇ ಬೆಳಗ್ಗೆ ಜೋಡಿಸಿಟ್ಟಿದ್ದೆ. ಅವರಿಗೆ ತಕ್ಷಣ ಉತ್ತರ ಹೋಗಿತ್ತು: "ಥ್ಯಾಂಕ್ಸ್! ನಿಮ್ಮ ಕೂಪನ್ ಇಲ್ಲಿದೆ 🏆"

ಅದನ್ನು ಆಫ್ ಮಾಡಿದೆ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ನಿಲ್ಲಿಸಿದೆ. ವೆಬ್‌ಸೈಟ್ ತೆರೆದ ಕೂಡಲೇ ಮುಖಕ್ಕೆ ಬಡಿಯುವ ಕಪ್ಪಿನ ಚಿತ್ರ ತೆಗೆದೆ. ಉಳಿದದ್ದು ಏಳೂವರೆಗೆ ಹೋಗಬೇಕಿದ್ದ ಎಸ್ಎಂಎಸ್. ನಮ್ಮ ದೇಶದಲ್ಲಿ ಪ್ರಚಾರದ ಎಸ್ಎಂಎಸ್‌ಗೆ ಮೊದಲೇ ಮಾದರಿ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು. ಖಾಲಿ ಬಿಟ್ಟ ಜಾಗದಲ್ಲಿ ಹೆಸರು, ತಾರೀಖು ಬದಲಿಸಬಹುದು, ಉಳಿದ ಮಾತು ಮುಟ್ಟುವ ಹಾಗಿಲ್ಲ. ಅಂದರೆ ಅದನ್ನು ಆ ಸಂಜೆ ತಿದ್ದಿ ಬರೆಯುವ ಮಾತೇ ಇಲ್ಲ. ರದ್ದು ಮಾಡಬೇಕು ಅಷ್ಟೇ. ಕಳಿಸುವ ಕಂಪನಿಯವನಿಗೆ ಫೋನ್ ಮಾಡಿದರೆ ಅವನು ಟ್ರಾಫಿಕ್ಕಲ್ಲಿದ್ದ. ಕಬ್ಬನ್ ಪಾರ್ಕ್ ಹತ್ತಿರ. ಏಳು ಇಪ್ಪತ್ತಕ್ಕೆ ರದ್ದಾಯಿತು.

ಈಗ ಕ್ಯಾಂಡಲ್.

ಡಿಸೈನ್ ಹುಡುಗ ಬಲು ಚುರುಕು. ಹತ್ತು ನಿಮಿಷದಲ್ಲಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಕಪ್ ಇದ್ದ ಜಾಗಕ್ಕೆ ಮೇಣದಬತ್ತಿ ಇಟ್ಟು ಕಳಿಸಿದ. ಮೇಣದಬತ್ತಿ ಚೆನ್ನಾಗಿತ್ತು. ಅದರ ಕೆಳಗೆ "18 ಪರ್ಸೆಂಟ್ ಆಫ್" ಹಾಗೇ ಇತ್ತು. ತೆಗೆಯಪ್ಪಾ ಅಂದೆ. ತೆಗೆದ. ಈಗ "ಭಾವಪೂರ್ಣ ಶ್ರದ್ಧಾಂಜಲಿ" ಬಂತು. ಅದರ ಕೆಳಗೆ ಅಂಗಡಿಯ ಲೋಗೊ, ಮೇಣದಬತ್ತಿಗಿಂತ ದೊಡ್ಡದು. ಅದರ ಕೆಳಗೆ ಮೂರು ಶಾಖೆಗಳ ವಿಳಾಸ, ಹೋಂ ಡೆಲಿವರಿ ನಂಬರು, "ಪಾರ್ಕಿಂಗ್ ಸೌಲಭ್ಯವಿದೆ".

ನಗಬೇಡಿ. ಅವತ್ತು ರಾತ್ರಿ ಮೊಬೈಲ್ ತೆರೆದವರು ಇಂಥವನ್ನು ಸಾಲುಸಾಲಾಗಿ ನೋಡಿರುತ್ತೀರಿ. ಸೂತಕದ ಮನೆಗೆ ಹೋಗಿ ವಿಸಿಟಿಂಗ್ ಕಾರ್ಡ್ ಹಂಚಿ ಬಂದ ಹಾಗೆ. ಮೂರನೇ ಕರಡು ಮಾಲೀಕರ ಅಳಿಯಂದಿರದು, ಅವರು ಎಂಬಿಎ. "ಜನಜಂಗುಳಿಯಿಂದ ದೂರವಿರಿ, ಸುರಕ್ಷಿತವಾಗಿರಿ. ಮನೆಯಲ್ಲೇ ಕೂತು ನಮ್ಮಲ್ಲಿ ಆರ್ಡರ್ ಮಾಡಿ." ಇದನ್ನು ಓದಿ ನನಗೆ ಮೊದಲನೆಯದೇ ವಾಸಿ ಅನ್ನಿಸಿತು. ಅದಕ್ಕೆ ಗೊತ್ತಿಲ್ಲದ ತಪ್ಪು ಅನ್ನುವ ನೆಪವಾದರೂ ಇತ್ತು.

ಸುಮ್ಮನಿದ್ದುಬಿಡೋಣ ಅಂದರೆ ಅದೂ ಆಗುವುದಿಲ್ಲ. ಅಷ್ಟರಲ್ಲಾಗಲೇ ಒಂದಷ್ಟು ಜನ ಕೂಪನ್ ತೆಗೆದುಕೊಂಡಿದ್ದರು. ಅವರಿಗೆ ವಿಷಯ ತಿಳಿಯಬೇಕು. ಹಾಗಾಗಿ ನಾಲ್ಕನೇ ಕರಡು ನಾನೇ ಬರೆದೆ. ಚಿತ್ರ ಇಲ್ಲ, ಬಿಳಿ ಹಿನ್ನೆಲೆ ಅಷ್ಟೇ. ಹಬ್ಬದ ಹಾಡು, ಹ್ಯಾಶ್‌ಟ್ಯಾಗ್ ಯಾವುದೂ ಇಲ್ಲ. "ನಾಳೆ ಶುರುವಾಗಬೇಕಿದ್ದ ಎಕ್ಸ್‌ಚೇಂಜ್ ಮೇಳವನ್ನು ಮುಂದೂಡಿದ್ದೇವೆ. ಈಗಾಗಲೇ ಕೂಪನ್ ಪಡೆದವರು ಅದನ್ನು ಈ ತಿಂಗಳ ಕೊನೆಯವರೆಗೆ ಯಾವಾಗ ಬೇಕಾದರೂ ಬಳಸಬಹುದು." ಎರಡೇ ವಾಕ್ಯ. ಯಾಕೆ ಮುಂದೂಡಿದ್ದು ಅಂತ ಬರೆಯಬೇಕಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

ಮಾಲೀಕರಿಗೆ ಸಮಾಧಾನವಿಲ್ಲ. "ಶ್ರದ್ಧಾಂಜಲಿ ಹಾಕದಿದ್ರೆ ಜನ ಏನಂದ್ಕೋತಾರ್ರೀ?"

"ಸರ್, ಚಪ್ಪಲಿ ಅಂಗಡಿಯವರು ಶ್ರದ್ಧಾಂಜಲಿ ಹಾಕಲಿಲ್ಲ ಅಂತ ಈ ಊರಲ್ಲಿ ಒಬ್ಬರೂ ಎಣಿಸಲ್ಲ. ಹಾಕಿದವರ ಸ್ಕ್ರೀನ್‌ಶಾಟ್ ಮಾತ್ರ ತಿರುಗ್ತಾ ಇದೆ."

ಸ್ಕ್ರೀನ್‌ಶಾಟ್ ಅಂದರೆ ಅವರಿಗೆ ಜಿಎಸ್‌ಟಿ ನೋಟಿಸಿನಷ್ಟೇ ಭಯ. ಒಪ್ಪಿಕೊಂಡರು. ಇನ್‌ಸ್ಟಾದಲ್ಲಿ ಒಂದು ಸಲ ಹೋದ ಪೋಸ್ಟಿನ ಕೆಳಗಿನ ಬರಹ ತಿದ್ದಬಹುದು, ಚಿತ್ರ ಬದಲಿಸುವುದಕ್ಕೆ ಬರುವುದಿಲ್ಲ. ಅಳಿಸಬಹುದು, ಆದರೆ ಅಳಿಸಿದ್ದರ ಸ್ಕ್ರೀನ್‌ಶಾಟೇ ಜಾಸ್ತಿ ಓಡುವುದು. ನಮ್ಮ "ನುಗ್ಗಿ ಬನ್ನಿ" ಇದ್ದದ್ದು ಚಿತ್ರದ ಮೇಲೆ. ಆರೂವರೆಗೆ ಅದು ಹೋಗಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕುತ್ತಾ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮತ್ತೆ ಯಾವಾಗ ಶುರು ಮಾಡುವುದು? ಇದಕ್ಕೆ ಲೆಕ್ಕ ಇಟ್ಟವರಿಲ್ಲ. ಆರ್‌ಸಿಬಿಯ ಪುಟ ಮುಂದೆ ಆಗಸ್ಟ್ ಕೊನೆಯವರೆಗೆ, ಹೆಚ್ಚುಕಡಿಮೆ ಮೂರು ತಿಂಗಳು ಸುಮ್ಮನಿತ್ತು. ನಮ್ಮ ಮಾಲೀಕರು ಮೂರು ದಿನಕ್ಕೆ ಫೋನ್ ಮಾಡಿದರು. "ಮೂರ್ ದಿನ ಆಯ್ತಲ್ಲ, ಹಾಲು-ತುಪ್ಪನೂ ಮುಗೀತು." ಇನ್ನೂ ಕೆಲವು ದಿನ ಬೇಡ ಸರ್ ಅಂದೆ. ಊರಲ್ಲಿ ಬೇರೆ ಮಾತೇ ಇರಲಿಲ್ಲ. ಪೊಲೀಸ್ ಕಮಿಷನರ್ ಅಮಾನತಾಗಿದ್ದರು, ವಿಷಯ ಹೈಕೋರ್ಟಿಗೆ ಹೋಗಿತ್ತು. ಕೊನೆಗೆ ಇಬ್ಬರೂ ಕೂತು ಜೂನ್ 12, ಗುರುವಾರ ಅಂತ ಗೊತ್ತು ಮಾಡಿದೆವು. ಗುರುವಾರ ಒಳ್ಳೆಯದಂತೆ.

ಈ ಸಲ ನಾನು ಬಹಳ ಹುಷಾರಾಗಿದ್ದೆ. ಕಪ್ ಇಲ್ಲ, ಕ್ರಿಕೆಟ್ ಇಲ್ಲ. ಗೇಟ್, ನೂಕುನುಗ್ಗಲು, ಮೊದಲು ಬಂದವರು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಯಾವುದೂ ಇಲ್ಲ. 18 ತೆಗೆದು 15 ಮಾಡಿದೆ. ಜನರ ಗುಂಪನ್ನು ನೆನಪಿಸುವ ಒಂದು ಅಕ್ಷರವೂ ಇರಬಾರದು ಅಂತ ಹೊಸ ಸ್ಪೋರ್ಟ್ಸ್ ಶೂಗೆ ಎರಡು ರೆಕ್ಕೆ ಬರೆಸಿ, ನೀಲಿ ಆಕಾಶ ಹಾಕಿಸಿದೆ. "ಆಫರ್ ಟೇಕಾಫ್! ನೆಲದ ಮೇಲೆ ಕಾಲೇ ನಿಲ್ಲಲ್ಲ!" ಮಾಲೀಕರಿಂದ ಮತ್ತೆ ಐದು ಬೆಂಕಿ. ಸಂಜೆ ಆರೂವರೆಗೆ ಇಟ್ಟೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಟಿವಿಯಲ್ಲಿ ಅಹಮದಾಬಾದ್. ಲಂಡನ್ನಿಗೆ ಹೊರಟ ವಿಮಾನ ಮೇಲೇರಿದ ಕೂಡಲೇ ಬಿದ್ದಿತ್ತು.

ಕೈ ತೊಳೆಯಲೂ ಇಲ್ಲ. ಎಡಗೈಯಲ್ಲೇ ಪೋಸ್ಟನ್ನು ಡ್ರಾಫ್ಟಿಗೆ ಎಳೆದೆ, ಜಾಹೀರಾತು ನಿಲ್ಲಿಸಿದೆ. ಎಸ್ಎಂಎಸ್ ಈ ಸಲ ಇಟ್ಟೇ ಇರಲಿಲ್ಲ. ಮಾಲೀಕರೇ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು.

"ನಿಲ್ಸಿದ್ರಾ?"

"ನಿಲ್ಲಿಸಿದೆ ಸರ್."

"ಒಳ್ಳೇದಾಯ್ತು." ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ವಾರಕ್ಕೆ ಮಳೆಗಾಲದ್ದು ಏನಾದ್ರೂ ಬರೀರಿ. ಮಳೆ ಬಗ್ಗೆ ಬರೆದ್ರೆ ಯಾರಿಗೂ ಬೇಜಾರಿಲ್ಲ ಅಲ್ವಾ? ನಮ್ಮಳಿಯ ಒಂದ್ ಲೈನ್ ಹೇಳ್ತಿದ್ದ. ಬೆಲೆಗಳೆಲ್ಲ ಕೊಚ್ಚಿಕೊಂಡು ಹೋದ್ವು, ಅಂತ."

ನಾನು ಫೋನ್ ಇಟ್ಟು ಹವಾಮಾನ ಇಲಾಖೆಯ ಪುಟ ತೆರೆದೆ.