ಮೈಕಿನ ಆಟೋ ಮತ್ತು ಗದಾಯುದ್ಧ

ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಯಕ್ಷಗಾನದ ಡೇರೆ ಮೇಳ ಬರುವುದಿತ್ತು. ಶನಿವಾರದ ಆಟ, ಪ್ರಸಂಗ ಗದಾಯುದ್ಧ. ಆಟೋಕ್ಕೆ ಮೈಕ್ ಕಟ್ಟಿ ಪ್ರಚಾರ ಮಾಡುವ ಕೆಲಸ ನನ್ನ ತಲೆಗೆ ಬಂತು. ಗಂಟಲು ದೊಡ್ಡದು ಅನ್ನುವುದೊಂದೇ ನನ್ನ ಅರ್ಹತೆ.

ಒಕ್ಕಣೆ ನಾನೇ ಬರೆದೆ. ಮೊದಲು ಕಲಾಭಿಮಾನಿಗಳಿಗೆ ನಮಸ್ಕಾರ. ಆಮೇಲೆ ಭಾಗವತರು, ವೇಷಧಾರಿಗಳು, ಒಬ್ಬೊಬ್ಬರಿಗೂ ಎರಡೆರಡು ಬಿರುದು. ನಂತರ ಟಿಕೆಟ್: ನೆಲಕ್ಕೆ 50, ಕುರ್ಚಿಗೆ 150, ಆರಾಮ ಕುರ್ಚಿಗೆ 250 ರೂಪಾಯಿ. ಕಟ್ಟಕಡೆಗೆ, "ಇದು ಕಾಲಮಿತಿ ಆಟ, ಸಂಜೆ 6.30ಕ್ಕೆ ಶುರು, ರಾತ್ರಿ 11.30ಕ್ಕೆ ಮಂಗಳ." ಓದಲು 40 ಸೆಕೆಂಡು ಬೇಕು.

ಬಯಲುಸೀಮೆಯಾಗಿದ್ದರೆ ಇದು ನಡೆಯುತ್ತಿತ್ತೇನೋ. ನಮ್ಮಲ್ಲಿ ಆಟೋ ಗಂಟೆಗೆ 20 ಕಿಲೋಮೀಟರ್ ಹೋದರೂ ಅಷ್ಟು ಓದುವುದರೊಳಗೆ 200 ಮೀಟರ್ ದಾಟಿರುತ್ತದೆ. ಅಷ್ಟರಲ್ಲಿ ಎರಡು ತಿರುವು, ಒಂದು ದರೆ. ದರೆ ಅಡ್ಡ ಬಂದರೆ ಮೈಕಿನ ದನಿ ಅಲ್ಲೇ ಮುಗಿಯಿತು. ಮನೆಗಳೋ, ತೋಟಕ್ಕೊಂದು. ಹಾಗಾಗಿ ಒಂದು ಮನೆಗೆ ಬರೀ ನಮಸ್ಕಾರ ಸಿಕ್ಕಿತು, ಮುಂದಿನ ಮನೆಗೆ ಬರೀ ಬಿರುದು. ಮೂರನೇ ಮನೆಯ ಅಮ್ಮ "ನೂರೈವತ್ತು" ಅನ್ನುವುದಷ್ಟೇ ಕೇಳಿ, ಪಾತ್ರೆ ಹಿಡಿದುಕೊಂಡು ಉಣುಗೋಲಿನ ತನಕ ಓಡಿ ಬಂದರು.

"ಎಂತ ಮೀನು ಮಾರಾಯ?"

"ಗದಾಯುದ್ಧ ಅಮ್ಮ."

ಗಂಟೆ ಮಾತ್ರ ಯಾವ ಮನೆಗೂ ಮುಟ್ಟಲಿಲ್ಲ. ಅದು ಪ್ರತಿ ಸಲವೂ ಕಾಡಿಗೇ ಹೋಯಿತು.

ಶನಿವಾರ 6.30ಕ್ಕೆ ಚಂಡೆ ಬಡಿದಾಗ ಡೇರೆಯಲ್ಲಿ ಇದ್ದವರು 23 ಮಂದಿ. ಅದರಲ್ಲಿ ಕಡಲೆ ಮಾರುವವರೇ ನಾಲ್ವರು. ಉಳಿದ ಊರು ಊಟ ಮುಗಿಸಿ, ಕಂಬಳಿ ಹೊದ್ದು, ಟಾರ್ಚ್ ಹಿಡಿದು 10 ಗಂಟೆಗೆ ಬಂತು. ಆಟ ಅಂದರೆ ಬೆಳಗಿನವರೆಗೆ ಅನ್ನುವುದು ಅವರ ರೂಢಿ, ತಪ್ಪೇನಲ್ಲ. ಆದರೆ ಅಷ್ಟೊತ್ತಿಗೆ ಕೌರವ ಸರೋವರಕ್ಕೆ ಇಳಿದೂ ಆಗಿತ್ತು, ಭೀಮನ ಬೈಗುಳ ತಡೆಯಲಾರದೆ ಮೇಲೆ ಬಂದೂ ಆಗಿತ್ತು.

ಮೇಳದ ಮ್ಯಾನೇಜರು ಖಾಲಿ ನೆಲ ನೋಡಿ ನನ್ನನ್ನು ಪಕ್ಕಕ್ಕೆ ಕರೆದಿದ್ದರು. "ಮನೆ ಕಂಡಲ್ಲಿ ಆಟೋ ನಿಲ್ಲಿಸು, ಇಂಜಿನ್ ಆಫ್ ಮಾಡು. ಮೊದಲು ದಿನ, ಗಂಟೆ, ಜಾಗ. ಅದನ್ನೇ ಎರಡು ಸಲ ಹೇಳು. ಆಮೇಲೆ ಟಿಕೆಟ್. ಬಿರುದನ್ನೆಲ್ಲ ಆಟೋ ಓಡುವಾಗ ಹೇಳು, ಅದು ದರೆಗೆ ಬಡಿದರೂ ನಷ್ಟ ಇಲ್ಲ." ಬಿರುದು ಬರೆಯಲು ನಾನು ಎರಡು ದಿನ ಕೂತಿದ್ದೆ, ಹೇಳಲಿಲ್ಲ.

11.30ಕ್ಕೆ ಸರಿಯಾಗಿ ಮಂಗಳ ಆಯಿತು. ಹುಡುಗರು ಕುರ್ಚಿ ಮಡಚಲು ಶುರು ಮಾಡಿದರು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ 250 ಕೊಟ್ಟ ಆರಾಮ ಕುರ್ಚಿ ಬಿಟ್ಟು ಏಳಲೇ ಇಲ್ಲ.

"ಅಜ್ಜ, ಆಟ ಮುಗೀತು."

"ನಿಂದು ಮುಗೀತು ಮಾರಾಯ. ನನ್ನ ಬಸ್ಸು ಇರುವುದು ಬೆಳಿಗ್ಗೆ 6ಕ್ಕೆ" ಎಂದು ಕಂಬಳಿ ಮುಖದ ಮೇಲೆ ಎಳೆದುಕೊಂಡರು.