ನೀರು ಬೇಡ ಅನ್ನುವುದು ತಪ್ಪು

ಕಾರಿನ ಎಂಜಿನ್ ತಂಪಾಗಿಡುವ ಕೂಲೆಂಟ್ ಬದಲಾಯಿಸುವ ಬಗ್ಗೆ ಓದಿದ ಒಂದು ಲೇಖನದಲ್ಲಿ ಹೀಗೆ ಬರೆದಿತ್ತು: "ತುಂಬಾ ಚಳಿ ಇರುವ ಕಡೆ ನೀರು ಬೆರೆಸದೆ ಬರೀ ಕೂಲೆಂಟ್ ಹಾಕಿದರೆ ಇನ್ನೂ ಒಳ್ಳೆಯದು."

ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಕೂಲೆಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ನೀರಿಲ್ಲದೆ ಬರೀ ಅದೇ ಇದ್ದರೆ ಸುಮಾರು ಮೈನಸ್ 13 ಡಿಗ್ರಿಗೇ ಗಟ್ಟಿಯಾಗುತ್ತದೆ. ಅದಕ್ಕೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಮೈನಸ್ 37ರವರೆಗೆ ತಡೆಯುತ್ತದೆ. ವಿಪರೀತ ಚಳಿಗೆ 60 ಭಾಗ ಕೂಲೆಂಟ್, 40 ಭಾಗ ನೀರು ಸಾಕು. ಸೆಕೆ ಜಾಗದಲ್ಲಂತೂ ಕೂಲೆಂಟ್ ಜಾಸ್ತಿಯಾದರೆ ನಷ್ಟವೇ, ಯಾಕೆಂದರೆ ಶಾಖ ಹೊತ್ತೊಯ್ಯುವುದರಲ್ಲಿ ನೀರೇ ಮುಂದು. ಹಿಮ ಬೀಳದ ಕಡೆ 40 ಭಾಗ ಕೂಲೆಂಟ್ ಧಾರಾಳ. 30ಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ, ತುಕ್ಕು ತಡೆಯುವ ಅಂಶ ಸಾಲದೆ ಹೋಗುತ್ತದೆ.

ಆ ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಮಾತಿದೆ. ನನ್ನ ಕಾರಿಗೆ ಒಟ್ಟು 6 ಲೀಟರ್ ಹಿಡಿಯುತ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು ಖಾಲಿ ಮಾಡಿ, ಅರ್ಧಕ್ಕರ್ಧ ಬೆರೆಸಿಟ್ಟಿದ್ದನ್ನು ಸುರಿದೆ. 4 ಲೀಟರಿಗೇ ತುಂಬಿತು! ಎಂಜಿನ್ ಓಡಿಸಿ, ಆರಿದ ಮೇಲೆ ಒಂದು ಹನಿಯನ್ನು, ಕೂಲೆಂಟ್ ಎಷ್ಟು ಚಳಿ ತಡೆಯುತ್ತದೆಂದು ತೋರಿಸುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ನೋಡಿದರೆ ಗೆರೆ ಮೈನಸ್ 18ರ ಹತ್ತಿರ ನಿಂತಿತ್ತು. ತೊಳೆದ ನೀರು 2 ಲೀಟರ್ ಎಂಜಿನ್ ಒಳಗೇ ಉಳಿದಿತ್ತು, ಅಲ್ವಾ? ಅಂದರೆ 6 ಲೀಟರಿನಲ್ಲಿ ಕೂಲೆಂಟ್ ಬರೀ 2 ಲೀಟರ್.

ಅದಕ್ಕೇ ಈಗ ಕೊನೆಯ ಸಲವೂ ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆಯುತ್ತೇನೆ. ಮೊದಲು 3 ಲೀಟರ್ ಕೂಲೆಂಟ್ ಹಾಗೇ ಹಾಕಿ, ಮಿಕ್ಕ ಜಾಗಕ್ಕೆ ನೀರು ತುಂಬುತ್ತೇನೆ.