ಒಂದೇ ಹೆಂಗಸು, ಎರಡು ಕೋಷ್ಟಕ

ನಾನು ವೈದ್ಯಕೀಯ ಓದಿದ್ದು ಕರ್ನಾಟಕದಲ್ಲಿ. ಕುಟುಂಬ ಯೋಜನೆಯ ಚಿಕಿತ್ಸಾಲಯದಲ್ಲಿ ಕೂತು ಕೆಲಸ ಮಾಡುತ್ತಿರುವುದು ಬ್ರಿಟನ್ನಿನಲ್ಲಿ. ಹೀಗಾಗಿ ಗರ್ಭನಿರೋಧಕಗಳ ವೈದ್ಯಕೀಯ ಅರ್ಹತೆಯನ್ನು ಹೇಳುವ ಎರಡು ಕೋಷ್ಟಕಗಳು ನನ್ನ ತಲೆಯಲ್ಲಿ ಅಕ್ಕಪಕ್ಕ ಇವೆ. ಮೊದಲನೆಯದು ವಿಶ್ವ ಆರೋಗ್ಯ ಸಂಸ್ಥೆಯದು. ಅದು 1996ರಲ್ಲಿ ಹೊರಬಂತು. ನಾನು ಬಳಸಿ ಪಳಗಿದ್ದು 2015ರ ಐದನೆಯ ಆವೃತ್ತಿಯನ್ನು. ಎರಡನೆಯದು ಅದನ್ನೇ ಆಧರಿಸಿ ಬ್ರಿಟನ್ನಿನವರು ತಮಗೆ ಬೇಕಾದಂತೆ ತಿದ್ದಿಕೊಂಡ 2016ರ ಪಟ್ಟಿ. ಎರಡರಲ್ಲೂ ಇರುವುದು ಒಂದರಿಂದ ನಾಲ್ಕರವರೆಗಿನ ಅಂಕಿಗಳು. ಒಂದು ಎಂದರೆ ಯಾವ ತಡೆಯೂ ಇಲ್ಲ, ಎರಡು ಎಂದರೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಹೆಚ್ಚು, ಮೂರು ಎಂದರೆ ಲಾಭಕ್ಕಿಂತ ಅಪಾಯ ಹೆಚ್ಚು, ನಾಲ್ಕು ಎಂದರೆ ಕೊಡಲೇಬಾರದು. ಮಧುಮೇಹ, ರಕ್ತದೊತ್ತಡ ಮತ್ತು ಬೊಜ್ಜು ಒಬ್ಬಳಲ್ಲೇ ಸೇರಿದಾಗ ಈ ಕೋಷ್ಟಕಗಳನ್ನು ಓದುವ ರೀತಿಯಲ್ಲಿ ಎರಡು ಬಗೆಯ ತಪ್ಪುಗಳು ಆಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಹಲವರ ಕತೆಗಳನ್ನು ಸೇರಿಸಿ ಒಬ್ಬಾಕೆಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 38, ಇಬ್ಬರು ಮಕ್ಕಳು, ಇನ್ನು ಮಕ್ಕಳು ಬೇಡ ಎಂದು ನಿರ್ಧರಿಸಿದ್ದಾರೆ, ಆದರೆ ಶಸ್ತ್ರಚಿಕಿತ್ಸೆಗೆ ಮನಸ್ಸಿಲ್ಲ. ಆರು ವರ್ಷಗಳಿಂದ ಎರಡನೇ ಬಗೆಯ ಮಧುಮೇಹ. ಕಣ್ಣು, ಮೂತ್ರಪಿಂಡ, ನರಗಳ ತಪಾಸಣೆಯಲ್ಲಿ ತೊಂದರೆ ಕಂಡಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 9.2, ಅಂದರೆ ಸಕ್ಕರೆ ಹತೋಟಿಯಲ್ಲಿಲ್ಲ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ 36. ಸಕ್ಕರೆಗೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ರಾಮಿಪ್ರಿಲ್, ಕೊಲೆಸ್ಟರಾಲಿಗೆ ಅಟೊರ್ವಾಸ್ಟಾಟಿನ್ ನುಂಗುತ್ತಾರೆ. ಮುಟ್ಟಿನ ಸ್ರಾವ ವರ್ಷದಿಂದ ಜಾಸ್ತಿಯಾಗಿದೆ. ಒಳಗೆ ಬಂದು ಕೂತವರೇ ಹೇಳಿದ ಮೊದಲ ಮಾತು: "ಡಾಕ್ಟ್ರೇ, ನನಗೆ ಶುಗರ್ರೂ ಇದೆ, ಬಿಪಿನೂ ಇದೆ. ನನಗೆ ಯಾವುದೂ ಆಗಿಬರೋದಿಲ್ಲ ಅಂತ ಹೇಳಿ ಕಳಿಸಿದ್ದಾರೆ."

ಮೊದಲನೆಯ ತಪ್ಪು ಇದೇ. ಕೋಷ್ಟಕದ ಅಂಕಿ ಹೆಂಗಸಿಗೆ ಹಚ್ಚುವ ಮುದ್ರೆಯಲ್ಲ. ಆಕೆಯ ಸ್ಥಿತಿ ಮತ್ತು ಒಂದೊಂದು ವಿಧಾನ ಸಂಧಿಸುವ ಮನೆಯಲ್ಲಿ ಬರೆದಿರುವ ಅಂಕಿ. ಆಕೆಗೆ ಯಾರೋ "ಆಗುವುದಿಲ್ಲ" ಎಂದದ್ದು ಈಸ್ಟ್ರೋಜನ್ ಹಾರ್ಮೋನು ಇರುವ ಗುಳಿಗೆಯ ವಿಷಯದಲ್ಲಿ ಸರಿ. ಹಾಗೆಂದು ಕಾಪರ್-ಟಿ ಅಂದರೆ ವಂಕಿಯ ಸಾಲನ್ನು ನೋಡಿದರೆ ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಬೊಜ್ಜಿಗೂ ಎರಡೂ ಕೋಷ್ಟಕಗಳಲ್ಲಿ ಒಂದೇ ಅಂಕಿ, 1. ಸಕ್ಕರೆ ಕಾಯಿಲೆ ಇದ್ದವರಿಗೆ ವಂಕಿ ಹಾಕಿದರೆ ಸೋಂಕಾಗುತ್ತದೆ ಎಂಬ ಹಳೆಯ ಅಂಜಿಕೆಯನ್ನು ಕೆಲವು ವೈದ್ಯರೂ ಇನ್ನೂ ಬಿಟ್ಟಿಲ್ಲ. ಕೋಷ್ಟಕ ಅದನ್ನು ಒಪ್ಪುವುದಿಲ್ಲ.

ಬರಿಗೈಲಿ ಕಳಿಸುವುದು ಸುರಕ್ಷಿತ ದಾರಿ ಎಂದುಕೊಳ್ಳುವವರು ಮರೆಯುವ ಒಂದು ಸಂಗತಿಯಿದೆ. ಆಕೆ ಹಿಂದಿರುಗಿ ಹೋಗುವುದು ಕಾಂಡೋಮಿನ ಕಡೆಗೋ ಮುಟ್ಟಿನ ದಿನಗಳ ಲೆಕ್ಕ ಹಾಕುವುದರ ಕಡೆಗೋ. ಸಾಮಾನ್ಯ ಬಳಕೆಯಲ್ಲಿ ಕಾಂಡೋಮನ್ನೇ ನಂಬಿದ ನೂರು ಹೆಂಗಸರಲ್ಲಿ ಸುಮಾರು 13 ಮಂದಿ ವರ್ಷದೊಳಗೆ ಗರ್ಭಿಣಿಯರಾಗುತ್ತಾರೆ. ವಂಕಿ ಹಾಕಿಸಿಕೊಂಡವರಲ್ಲಿ ಒಬ್ಬರಿಗಿಂತ ಕಡಿಮೆ. ಶೇ. 9.2ರ ಎಚ್‌ಬಿಎ1ಸಿ ಇರುವಾಗ ಗರ್ಭ ನಿಂತರೆ ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವ ಮೊದಲ ವಾರಗಳಲ್ಲೇ ದೋಷ ಉಂಟಾಗುವ ಸಂಭವ ಹೆಚ್ಚು. ರಾಮಿಪ್ರಿಲ್ ಗರ್ಭದಲ್ಲಿ ಬಳಸಬಾರದ ಔಷಧ. ಆದ್ದರಿಂದ ಗುಳಿಗೆಯ ಅಪಾಯವನ್ನು ಅಳೆಯಬೇಕಾದದ್ದು ಏನೂ ಮಾಡದೆ ಇರುವುದರ ಎದುರಿಗಲ್ಲ, ಯೋಜಿಸದ ಬಸಿರಿನ ಎದುರಿಗೆ.

ಕೋಷ್ಟಕಕ್ಕೆ ಹೋಗುವ ಮೊದಲು ಅಳತೆ ಸರಿಯಿರಬೇಕು. ಈಕೆಯ ಕಡತದಲ್ಲಿ ಬರೆದಿದ್ದ ರಕ್ತದೊತ್ತಡ 164/102. ಕೈ ನೋಡಿದರೆ ತೋಳಿನ ಸುತ್ತಳತೆ 38 ಸೆಂಟಿಮೀಟರ್. ಸುತ್ತಿದ್ದದ್ದು 32 ಸೆಂಟಿಮೀಟರಿನವರೆಗಿನ ತೋಳಿಗೆ ಮಾಡಿದ ಸಾಧಾರಣ ಬಟ್ಟೆಪಟ್ಟಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ನಿಜಕ್ಕಿಂತ ಜಾಸ್ತಿ ತೋರುತ್ತದೆ. ದೊಡ್ಡ ಪಟ್ಟಿ ಸುತ್ತಿ, ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟಕ್ಕೆ ಇಟ್ಟು ಅಳೆದಾಗ 148/92 ಬಂತು. ಒಂದು ವಾರ ಬಿಟ್ಟು ಅಳೆದಾಗಲೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಸಲದ ಅಳತೆಯಿಂದ ಯಾರನ್ನೂ ರಕ್ತದೊತ್ತಡದ ರೋಗಿ ಎಂದು ವರ್ಗೀಕರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕವೇ ಹೇಳುತ್ತದೆ. ಈ ಬಟ್ಟೆಪಟ್ಟಿಯ ವ್ಯತ್ಯಾಸ ಚಿಲ್ಲರೆಯದಲ್ಲ. 160/100 ದಾಟಿದರೆ ಈಸ್ಟ್ರೋಜನ್ ಗುಳಿಗೆ 4, ಕೆಳಗಿದ್ದರೆ 3. ಮೂರು ತಿಂಗಳಿಗೊಮ್ಮೆ ಕೊಡುವ ಡಿಎಂಪಿಎ ಎಂಬ ಗರ್ಭನಿರೋಧಕ ಚುಚ್ಚುಮದ್ದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದೇ ಗೆರೆಯ ಮೇಲೆ 3, ಕೆಳಗೆ 2. ಬಟ್ಟೆಪಟ್ಟಿಯ ಅಗಲದಿಂದ ಹೆಂಗಸೊಬ್ಬಳು ಒಂದು ವರ್ಗದಿಂದ ಇನ್ನೊಂದಕ್ಕೆ ಜಿಗಿಯುತ್ತಾಳೆ.

ಇನ್ನೊಂದನ್ನೂ ಇಲ್ಲೇ ಹೇಳಬೇಕು. ಮಾತ್ರೆ ನುಂಗಿ ಒತ್ತಡ 124/78ಕ್ಕೆ ಇಳಿದರೂ ಈಸ್ಟ್ರೋಜನ್ ಗುಳಿಗೆಯ ಅಂಕಿ 3 ಆಗಿಯೇ ಉಳಿಯುತ್ತದೆ. "ಈಗ ಬಿಪಿ ನಾರ್ಮಲ್ ಇದೆಯಲ್ಲ" ಎಂಬ ವಾದ ಕೋಷ್ಟಕದಲ್ಲಿ ನಡೆಯುವುದಿಲ್ಲ, ಏಕೆಂದರೆ ಈಸ್ಟ್ರೋಜನ್ ಯಕೃತ್ತಿನಲ್ಲಿ ಆಂಜಿಯೊಟೆನ್ಸಿನೋಜನ್ ಉತ್ಪತ್ತಿಯನ್ನು ಹೆಚ್ಚಿಸಿ ಒತ್ತಡವನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ, ಅದರ ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಹೆಚ್ಚಿಸುತ್ತದೆ.

ಎರಡನೆಯ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು. ಒಂದೊಂದು ಕಾಯಿಲೆಯ ಸಾಲನ್ನು ಬೇರೆಬೇರೆಯಾಗಿ ಓದಿ, ಎಲ್ಲೂ 3 ಕಾಣದಿದ್ದರೆ ಸರಿ ಎಂದುಕೊಳ್ಳುವುದು. ಚುಚ್ಚುಮದ್ದನ್ನೇ ತೆಗೆದುಕೊಳ್ಳಿ. ತೊಡಕುಗಳಿಲ್ಲದ ಮಧುಮೇಹಕ್ಕೆ ಅದು 2, 148/92ರ ಒತ್ತಡಕ್ಕೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ 2, ಬ್ರಿಟನ್ನಿನಲ್ಲಿ 1, ಬೊಜ್ಜಿಗೆ 1. ಮೂರೂ ಸಾಲು ನೋಡಿ "ಕೊಡಬಹುದು" ಎಂದುಬಿಡುವವರು ತುಂಬ ಮಂದಿ. ಆದರೆ ಎರಡೂ ಕೋಷ್ಟಕಗಳಲ್ಲಿ ಇನ್ನೊಂದು ಸಾಲಿದೆ: ಹೃದಯ ಮತ್ತು ರಕ್ತನಾಳದ ಕಾಯಿಲೆಗೆ ಕಾರಣವಾಗುವ ಅಂಶಗಳು ಒಂದಕ್ಕಿಂತ ಹೆಚ್ಚು ಇರುವವರ ಸಾಲು. ಅಲ್ಲಿ ಚುಚ್ಚುಮದ್ದಿಗೆ 3. ಒತ್ತಡದ ಸಾಲಿನ ಅಂಕಿಗಳು ಬೇರೆ ಅಪಾಯಗಳಿಲ್ಲ ಎಂಬ ಊಹೆಯ ಮೇಲೆ ನಿಂತಿವೆ ಎಂದು ಪುಸ್ತಕದ ಟಿಪ್ಪಣಿಯಲ್ಲೇ ಇದೆ. ಗೋಡೆಗೆ ಅಂಟಿಸಿದ ಒಂದು ಹಾಳೆಯ ಸಾರಾಂಶವನ್ನು ನೋಡುವವರಿಗೆ ಟಿಪ್ಪಣಿ ಕಾಣುವುದಿಲ್ಲ. ಚುಚ್ಚುಮದ್ದಿನ ಬಗ್ಗೆ ಹಿಂಜರಿಕೆ ಏಕೆಂದರೆ ಅದು ಒಳ್ಳೆಯ ಕೊಲೆಸ್ಟರಾಲ್ ಆದ ಎಚ್‌ಡಿಎಲ್ ಅನ್ನು ತಗ್ಗಿಸುತ್ತದೆ, ಮತ್ತು ಒಮ್ಮೆ ಕೊಟ್ಟ ಮೇಲೆ ವಾಪಸು ತೆಗೆಯುವಂತಿಲ್ಲ. ಮಾತ್ರೆಯನ್ನು ನಾಳೆ ನಿಲ್ಲಿಸಬಹುದು, ತೋಳಿನ ಚರ್ಮದಡಿ ಇಟ್ಟ ಗರ್ಭನಿರೋಧಕ ಕಡ್ಡಿಯನ್ನು ತೆಗೆಯಬಹುದು. ಚುಚ್ಚಿದ ಮದ್ದು ತಿಂಗಳುಗಟ್ಟಲೆ ಒಳಗೇ ಇರುತ್ತದೆ.

ಅಂಕಿಗಳನ್ನು ಕೂಡಿಸಲೂ ಆಗದು ಎಂದು ಬ್ರಿಟನ್ನಿನ ಪುಸ್ತಕ ಎಚ್ಚರಿಸುತ್ತದೆ. ಎರಡು ಎರಡು ಸೇರಿ ನಾಲ್ಕಾಗುವುದಿಲ್ಲ. ಆದರೆ ಎರಡೂ ಒಂದೇ ಬಗೆಯ ಅಪಾಯಕ್ಕೆ ಸಂಬಂಧಿಸಿದ್ದರೆ ವೈದ್ಯರು ನಿಂತು ಯೋಚಿಸಬೇಕು. ಮಧುಮೇಹ ಮತ್ತು ಒತ್ತಡ ಎರಡೂ ಅಪಧಮನಿಯನ್ನು ಕೆಡಿಸುತ್ತವೆ, ಹೃದಯಾಘಾತ ಮತ್ತು ಲಕ್ವದ ದಾರಿ ಅದು. ಈಸ್ಟ್ರೋಜನ್ ಜೊತೆಗೆ ಬೊಜ್ಜು ಮುಖ್ಯವಾಗಿ ಎತ್ತುವುದು ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು. ಈಕೆಯಲ್ಲಿ ಎರಡು ದಾರಿಗಳೂ ತೆರೆದಿವೆ.

ಈಸ್ಟ್ರೋಜನ್ ಗುಳಿಗೆಯ ಸಾಲಿನಲ್ಲಿ ಎರಡು ಕೋಷ್ಟಕಗಳು ಬೇರೆಯಾಗುತ್ತವೆ. ಬಿಎಂಐ 30 ದಾಟಿದರೆ ವಿಶ್ವ ಆರೋಗ್ಯ ಸಂಸ್ಥೆ 2 ಎನ್ನುತ್ತದೆ, ಎಷ್ಟೇ ಮೇಲಿದ್ದರೂ ಅಷ್ಟೇ. ಬ್ರಿಟನ್ನಿನವರು 35ರಲ್ಲಿ ಗೆರೆ ಎಳೆದು ಅದರಾಚೆಗೆ 3 ಕೊಡುತ್ತಾರೆ. ಹಲವು ಅಪಾಯಗಳ ಸಾಲಿನಲ್ಲಿ ಇದು ತಿರುಗುಮುರುಗು: ಬ್ರಿಟನ್ನಿನವರದು ನೇರ 3, ವಿಶ್ವ ಆರೋಗ್ಯ ಸಂಸ್ಥೆಯದು 3/4, ಅಂದರೆ ಸ್ಥಿತಿ ಎಷ್ಟು ತೀವ್ರ ಎಂಬುದನ್ನು ನೋಡಿ ನೀವೇ ತೀರ್ಮಾನಿಸಿ ಎಂದು. ನನ್ನ ಒಲವು ಬೊಜ್ಜಿನ ವಿಷಯದಲ್ಲಿ ಬ್ರಿಟನ್ನಿನ ಕಡೆಗಿದೆ, ಏಕೆಂದರೆ 31 ಮತ್ತು 44ರ ಬಿಎಂಐಗಳನ್ನು ಒಂದೇ ಮನೆಯಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹಲವು ಅಪಾಯಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಓರೆಗೆರೆಯೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. 38 ವಯಸ್ಸಿನ ಈಕೆಗೂ, ಧೂಮಪಾನ ಮಾಡುವ 44 ವಯಸ್ಸಿನ ಇನ್ನೊಬ್ಬಾಕೆಗೂ ಒಂದೇ 3 ಸಾಲದು. ಆದರೆ ವೈದ್ಯರಿಲ್ಲದ ಕಡೆ ಓರೆಗೆರೆ ಗೊಂದಲವನ್ನಷ್ಟೇ ಮಾಡುತ್ತದೆ. ಅದಕ್ಕೇ ಅಂಥ ಕಡೆ 1 ಮತ್ತು 2ನ್ನು "ಕೊಡಬಹುದು" ಎಂದೂ, 3 ಮತ್ತು 4ನ್ನು "ಕೊಡಬಾರದು" ಎಂದೂ ಓದಿಕೊಳ್ಳುವ ಅವಕಾಶವನ್ನು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿದೆ, ಅದು ಒಳ್ಳೆಯದೇ.

ಉಳಿದದ್ದೇನು? ಈಸ್ಟ್ರೋಜನ್ ಇಲ್ಲದೆ ಪ್ರೊಜೆಸ್ಟೊಜೆನ್ ಹಾರ್ಮೋನು ಮಾತ್ರ ಇರುವ ಗುಳಿಗೆ, ತೋಳಿನ ಚರ್ಮದಡಿ ಇಡುವ ಕಡ್ಡಿ, ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟೊಜೆನ್ ಇರುವ ಗರ್ಭಕೋಶದ ಸಾಧನ, ಈ ಮೂರಕ್ಕೂ ಹಲವು ಅಪಾಯಗಳ ಸಾಲಿನಲ್ಲಿ 2. ವಂಕಿಗೆ 1. ಅಂಕಿ ಚಿಕ್ಕದಾದ್ದರಿಂದ ವಂಕಿಯೇ ಸರಿ ಎನ್ನುವಂತಿದ್ದರೆ ವೈದ್ಯರ ಅಗತ್ಯವೇ ಇರಲಿಲ್ಲ. ಈಕೆಗೆ ಮುಟ್ಟಿನ ಸ್ರಾವ ಜಾಸ್ತಿ. ತಾಮ್ರದ ವಂಕಿ ಅದನ್ನು ಇನ್ನೂ ಹೆಚ್ಚಿಸುವ ಸಾಧ್ಯತೆಯಿದೆ, ಜಾಸ್ತಿ ಸ್ರಾವದ ಸಾಲಿನಲ್ಲಿ ಅದಕ್ಕೆ 2. ಲೆವೊನಾರ್ಜೆಸ್ಟ್ರೆಲ್ ಸಾಧನ ಸ್ರಾವವನ್ನು ತಗ್ಗಿಸುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಸ್ರಾವ ಏಕೆ ಜಾಸ್ತಿಯಾಯಿತು? ಬೊಜ್ಜು ಮತ್ತು ಮಧುಮೇಹ ಇರುವವರಲ್ಲಿ ಗರ್ಭಕೋಶದ ಒಳಪೊರೆ ದಪ್ಪಗಾಗಿ ಕೆಡುವ ಅಪಾಯ ಹೆಚ್ಚು. ಕಾರಣ ತಿಳಿಯದ, ಅನುಮಾನ ಹುಟ್ಟಿಸುವ ರಕ್ತಸ್ರಾವ ಇದ್ದಾಗ ಎರಡೂ ಸಾಧನಗಳನ್ನು ಹೊಸದಾಗಿ ಹಾಕುವುದಕ್ಕೆ 4. ಆದ್ದರಿಂದ ಮೊದಲು ಸ್ಕ್ಯಾನ್ ಮಾಡಿಸಿ, ಒಳಪೊರೆಯ ಚೂರನ್ನು ಪರೀಕ್ಷೆಗೆ ಕಳಿಸಿದೆವು. ವರದಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಂಡನಿಗೆ ಸಂತಾನಹರಣ ಚಿಕಿತ್ಸೆ ಆಗಬಹುದು ಎಂದೂ ಹೇಳಿದೆ, ಅದು ಈಕೆಯ ಯಾವ ಅಂಕಿಯನ್ನೂ ಮುಟ್ಟುವುದಿಲ್ಲ. ಅವರು ನಕ್ಕು ಸುಮ್ಮನಾದರು.

ಅವರು ಆರಿಸಿಕೊಂಡದ್ದು 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಸಾಧನವನ್ನು. ತೂಕಕ್ಕೆ ತಿರ್ಜೆಪಟೈಡ್ ಚುಚ್ಚುಮದ್ದು ಶುರುಮಾಡುವ ಮಾತೂ ಇತ್ತು. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ ಗರ್ಭನಿರೋಧಕ ಗುಳಿಗೆ ಮೈಗೆ ಸೇರುವುದನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಗುಳಿಗೆ ನುಂಗುವವರು ಅದನ್ನು ಶುರುಮಾಡಿದ ಮೇಲೂ ಪ್ರತಿ ಸಲ ಪ್ರಮಾಣ ಏರಿಸಿದ ಮೇಲೂ ನಾಲ್ಕು ವಾರ ಕಾಂಡೋಮ್ ಸೇರಿಸಿಕೊಳ್ಳಬೇಕು. ಗರ್ಭಕೋಶದೊಳಗಿನ ಸಾಧನಕ್ಕೆ ಆ ತೊಂದರೆಯಿಲ್ಲ. ಮೊದಲ ಕೆಲವು ತಿಂಗಳು ಆಗೀಗ ಕಲೆ ಕಾಣಬಹುದು, ಅದಕ್ಕೆ ಹೆದರಬೇಡಿ, ಆದರೆ ಆರು ತಿಂಗಳಾದ ಮೇಲೂ ಜಾಸ್ತಿ ಹೋದರೆ ಬನ್ನಿ ಎಂದು ಹೇಳಿ, ಕಡತದಲ್ಲಿದ್ದ 164/102ನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸ ಅಳತೆಯನ್ನೂ "ದೊಡ್ಡ ಪಟ್ಟಿ" ಎಂಬ ಮಾತನ್ನೂ ಬರೆದೆ.